ದಿನಕ್ಕೆ ಒಂದು ಲಕ್ಷದ ಮಿತಿ: ಮನೆಯ ಅಡ್ವಾನ್ಸ್ ಕಳುಹಿಸುವುದು ಹೇಗೆ?

ವಿಜಯನಗರದ ಬಾಡಿಗೆದಾರ (ಭಾನುವಾರ, ಬೆಳಿಗ್ಗೆ 11:20)

ರಾಜರಾಜೇಶ್ವರಿನಗರದಲ್ಲಿ ಒಂದು ಮನೆ ನೋಡಿದ್ದೇವೆ. ಬಾಡಿಗೆ 28,000 ರೂಪಾಯಿ, ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ 2,80,000. ಟೋಕನ್ ಎಂದು 20,000 ಈಗಾಗಲೇ ಕೊಟ್ಟಾಗಿದೆ. ಉಳಿದ 2,60,000 ರೂಪಾಯಿಯನ್ನು ನಾಳೆ ಸಂಜೆಯೊಳಗೆ ಓನರ್ ಖಾತೆಗೆ ಹಾಕಿದರೆ ಬೀಗದ ಕೈ ಸಿಗುತ್ತದೆ. ಹಣ ಖಾತೆಯಲ್ಲಿದೆ, ಆದರೆ ಪಾವತಿ ಆ್ಯಪ್ ಬಿಡುತ್ತಿಲ್ಲ. ಬೆಳಿಗ್ಗೆ 1 ರೂಪಾಯಿ ಕಳುಹಿಸಿದೆ, ಹೋಯಿತು. 50,000 ಹಾಕಿದರೆ ಮಿತಿ ಮೀರಿದೆ ಎಂದಿತು. 10,000 ಹಾಕಿದರೂ ಅದೇ ಉತ್ತರ. ದಿನಕ್ಕೆ ಒಂದು ಲಕ್ಷ ಕಳುಹಿಸಬಹುದು ಎಂದು ಎಲ್ಲರೂ ಹೇಳುತ್ತಾರೆ, ನನಗೆ ಹತ್ತು ಸಾವಿರವೂ ಆಗುತ್ತಿಲ್ಲ. ಮಿತಿಯನ್ನು ಏರಿಸುವ ಆಯ್ಕೆ ಆ್ಯಪ್‌ನಲ್ಲಿ ಎಲ್ಲಿದೆ ಎಂದು ಹುಡುಕಿ ಸಾಕಾಯಿತು. ತಿಳಿದವರು ಹೇಳಬೇಕಾಗಿ ವಿನಂತಿ.

ಕೀರ್ತಿ, ಮಾರತ್ತಹಳ್ಳಿ (11:31)

ಇನ್ನೊಂದು ಪಾವತಿ ಆ್ಯಪ್ ಹಾಕಿಕೊಳ್ಳಿ. ಪ್ರತಿ ಆ್ಯಪ್‌ಗೂ ಬೇರೆ ಬೇರೆ ಮಿತಿ ಇರುತ್ತದೆ. ಮೂರು ಆ್ಯಪ್ ಇದ್ದರೆ ಮೂರು ಲಕ್ಷ ಕಳುಹಿಸಬಹುದು. ನಾನು ಒಮ್ಮೆ ಎರಡು ಆ್ಯಪ್‌ಗಳಿಂದ ಒಂದೇ ದಿನ ಒಂದೂವರೆ ಲಕ್ಷ ಕಳುಹಿಸಿದ್ದೇನೆ.

ಹನುಮಂತನಗರದ ಓದುಗ (11:38)

ನನ್ನ ಆ್ಯಪ್‌ನಲ್ಲಿಯೂ ಇದೇ ತೊಂದರೆ. ಸಾವಿರ ರೂಪಾಯಿಗಿಂತ ಹೆಚ್ಚಿಗೆ ಪಿನ್ ಇಲ್ಲದೆ ಹೋಗುವುದೇ ಇಲ್ಲ, ಐದು ಸಾವಿರಕ್ಕಿಂತ ಹೆಚ್ಚು ತುಂಬಿಸಲೂ ಆಗುವುದಿಲ್ಲ. ಅದನ್ನು ಏರಿಸುವ ದಾರಿಯಿದ್ದರೆ ನನಗೂ ತಿಳಿಸಿ.

ನಿವೃತ್ತ ಬ್ಯಾಂಕಿಗ, ಬಸವನಗುಡಿ (11:52)

ಓದುಗರೇ, ತಾವು ಹೇಳುತ್ತಿರುವುದು ಯುಪಿಐ ಲೈಟ್. ಹಾಲು, ತರಕಾರಿಯಂಥ ಸಣ್ಣ ಖರೀದಿಗೆ ಪಿನ್ ಇಲ್ಲದೆ ಬಳಸಲೆಂದೇ ಮಾಡಿದ ಚೀಲ ಅದು. ಒಂದು ಪಾವತಿಗೆ 1,000, ಚೀಲದಲ್ಲಿ 5,000 ಎಂಬುದು ಅದರ ಗಡಿ, ಅದನ್ನು ಯಾರೂ ಏರಿಸಲಾರರು. ಪ್ರಶ್ನೆ ಕೇಳಿದವರ ವಿಷಯ ಬೇರೆ.

ಬಾಡಿಗೆದಾರರೇ, ಉತ್ತರಿಸುವ ಮೊದಲು ಎರಡು ಪ್ರಶ್ನೆ. ಈಚೆಗೆ ಫೋನ್ ಅಥವಾ ಸಿಮ್ ಬದಲಿಸಿದ್ದೀರಾ? ಪಾವತಿ ವಿಫಲವಾದಾಗ ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಏನಾದರೂ ಸಂಕೇತ ಬಂದಿತ್ತೇ?

ವಿಜಯನಗರದ ಬಾಡಿಗೆದಾರ (11:58)

ಹೌದು ಸರ್. ನಿನ್ನೆ ಸಂಜೆ ಹೊಸ ಫೋನ್ ತೆಗೆದುಕೊಂಡು ಸುಮಾರು ಏಳು ಗಂಟೆಗೆ ಆ್ಯಪ್ ಅನ್ನು ಮತ್ತೆ ನೋಂದಾಯಿಸಿದೆ. ಸಿಮ್ ಹಳೆಯದೇ. ಸಂಕೇತವನ್ನು ಗಮನಿಸಲಿಲ್ಲ.

ನಿವೃತ್ತ ಬ್ಯಾಂಕಿಗ, ಬಸವನಗುಡಿ (12:16)

ಹಾಗಾದರೆ ಕಾರಣ ಅದೇ. ಹೊಸ ಫೋನಿನಲ್ಲಿ ಯುಪಿಐ ನೋಂದಣಿಯಾದ ಮೊದಲ 24 ಗಂಟೆಗಳಲ್ಲಿ ಒಟ್ಟು 5,000 ರೂಪಾಯಿಗಿಂತ ಹೆಚ್ಚು ಕಳುಹಿಸಲು ಬರುವುದಿಲ್ಲ. ನಿಮ್ಮ 1 ರೂಪಾಯಿ ಹೋದದ್ದೂ 10,000 ನಿಂತದ್ದೂ ಇದಕ್ಕೇ. ನಿಮ್ಮ ಹೆಸರಿನಲ್ಲಿ ಯಾರಾದರೂ ನಕಲಿ ಸಿಮ್ ಪಡೆದು ತಮ್ಮ ಫೋನಿನಲ್ಲಿ ನಿಮ್ಮ ಖಾತೆಯನ್ನು ನೋಂದಾಯಿಸಿಕೊಂಡರು ಎಂದುಕೊಳ್ಳಿ. ನಿಮ್ಮ ಫೋನಿನಲ್ಲಿ ನೆಟ್‌ವರ್ಕ್ ಹೋದದ್ದನ್ನು ನೀವು ಗಮನಿಸಿ, ಬ್ಯಾಂಕಿಗೆ ತಿಳಿಸುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಆ ಅರ್ಧ ದಿನದಲ್ಲಿ ಹೋಗಬಹುದಾದದ್ದು ಐದು ಸಾವಿರ ಮಾತ್ರ ಎಂಬುದು ಇದರ ಲೆಕ್ಕ. ಇಂದು ಸಂಜೆ ಏಳರ ನಂತರ ನಿಮ್ಮ ಮಿತಿ ತಾನಾಗಿಯೇ ಮೊದಲಿನಂತಾಗಬೇಕು.

ಆದರೂ 2,60,000 ಹೋಗುವುದಿಲ್ಲ. ಮಿತಿ ಒಂದಲ್ಲ, ಒಂದರ ಮೇಲೊಂದು ಕೂತ ಮೂರು ನಾಲ್ಕು ಮಿತಿಗಳಿವೆ, ಎಲ್ಲಕ್ಕಿಂತ ಕಡಿಮೆ ಇರುವುದೇ ನಿಮ್ಮನ್ನು ತಡೆಯುತ್ತದೆ. ಮೇಲಿನ ಚಾವಣಿ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಹಾಕಿದ್ದು: ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ದಿನಕ್ಕೆ 1 ಲಕ್ಷ. ಅದರ ಕೆಳಗೆ ನಿಮ್ಮ ಬ್ಯಾಂಕು ತನ್ನದೇ ಮಿತಿ ಇಡಬಹುದು. ಕೆಲವು ಬ್ಯಾಂಕುಗಳು ಒಂದು ಲಕ್ಷಕ್ಕಿಂತ ಬಹಳ ಕಡಿಮೆ ಇಡುತ್ತವೆ. ಅದರ ಕೆಳಗೆ ಆ್ಯಪ್‌ನದು, ಇನ್ನೂ ಕೆಳಗೆ ಈ ಹೊಸ ಫೋನಿನ ತಾತ್ಕಾಲಿಕ ಮಿತಿ. ಇವುಗಳಲ್ಲಿ ಗ್ರಾಹಕರ ಕೈಯಲ್ಲಿ ಇರುವುದು ಬ್ಯಾಂಕಿನ ಮಿತಿ ಮಾತ್ರ, ಅದೂ ಬ್ಯಾಂಕಿನ ಸ್ವಂತ ಆ್ಯಪ್‌ನಲ್ಲಿ ಯುಪಿಐ ಮಿತಿ ಎಂಬ ಆಯ್ಕೆ ಇದ್ದರೆ, ಅದೂ ಚಾವಣಿಯವರೆಗೆ ಮಾತ್ರ. ಪಾವತಿ ಆ್ಯಪ್‌ನಲ್ಲಿ ಎಷ್ಟು ಹುಡುಕಿದರೂ ಸಿಗದಿರುವುದು ಅದಕ್ಕೇ. ಅಲ್ಲಿ ಅಂಥದ್ದು ಇಲ್ಲ.

ಕೀರ್ತಿಯವರ ಸಲಹೆ ಅರ್ಧ ಸರಿ. ಬ್ಯಾಂಕು ಎಣಿಸುವುದು ಖಾತೆಯನ್ನು, ಆ್ಯಪ್ ಅನ್ನಲ್ಲ. ಒಂದೇ ಖಾತೆಯನ್ನು ಐದು ಆ್ಯಪ್‌ಗಳಿಗೆ ಜೋಡಿಸಿದರೂ ಒಂದು ಲಕ್ಷವೇ. ಆ ದಿನ ತಮ್ಮ ಒಂದೂವರೆ ಲಕ್ಷ ಹೋದದ್ದು, ಬಹುಶಃ, ಎರಡು ಆ್ಯಪ್‌ಗಳಲ್ಲಿ ಎರಡು ಬೇರೆ ಬ್ಯಾಂಕುಗಳ ಖಾತೆ ಇದ್ದುದರಿಂದ.

ಕೀರ್ತಿ, ಮಾರತ್ತಹಳ್ಳಿ (12:24)

ಈಗ ನೋಡಿದೆ, ನೀವು ಹೇಳಿದ್ದು ನಿಜ. ಒಂದರಲ್ಲಿ ಸಂಬಳದ ಖಾತೆ, ಇನ್ನೊಂದರಲ್ಲಿ ಊರಿನ ಬ್ಯಾಂಕಿನ ಖಾತೆ ಇತ್ತು. ಆದರೆ ಒಂದು ವಿಷಯ ನನಗೆ ಅರ್ಥವಾಗುವುದಿಲ್ಲ. ನನ್ನ ಹಣ, ನನ್ನ ಪಿನ್. ಒಂದು ಲಕ್ಷಕ್ಕೆ ಏಕೆ ನಿಲ್ಲಿಸಬೇಕು? ಆರ್‌ಟಿಜಿಎಸ್‌ನಲ್ಲಿ ಹತ್ತು ಲಕ್ಷ ಹೋದರೆ ತೊಂದರೆ ಇಲ್ಲವಂತೆ, ಇಲ್ಲಿ ಮಾತ್ರ ತೊಂದರೆಯೇ?

ಯಶವಂತಪುರದ ಅಂಗಡಿಯವನು (12:30)

ನನ್ನದು ಮೊತ್ತದ ತೊಂದರೆಯಲ್ಲ, ಎಣಿಕೆಯದು. ದಿನಸಿ ಅಂಗಡಿ ಇದೆ. ಗೂಡ್ಸ್ ಆಟೋದವರಿಗೆ, ಹಮಾಲರಿಗೆ, ಸೊಪ್ಪಿನವರಿಗೆ ಇನ್ನೂರು ಮುನ್ನೂರು ಎಂದು ಕಳುಹಿಸುತ್ತಾ ಹೋದರೆ ಮಧ್ಯಾಹ್ನದ ಹೊತ್ತಿಗೆ ಆ್ಯಪ್ ನಿಂತುಬಿಡುತ್ತದೆ. ಒಟ್ಟು ಆರು ಸಾವಿರವೂ ಆಗಿರುವುದಿಲ್ಲ. ಪರದೆಯಲ್ಲಿ Z7 ಎಂದು ಬರುತ್ತದೆ.

ನಿವೃತ್ತ ಬ್ಯಾಂಕಿಗ, ಬಸವನಗುಡಿ (12:58)

ಅಂಗಡಿಯವರೇ, Z7 ಎಂದರೆ ಎಷ್ಟು ಬಾರಿ ಎಂಬ ಮಿತಿ. ವ್ಯಕ್ತಿಯಿಂದ ವ್ಯಕ್ತಿಗೆ ದಿನಕ್ಕೆ 20 ಪಾವತಿ ಎಂಬುದು ಸಾಮಾನ್ಯ ಗಡಿ, ಕೆಲವು ಬ್ಯಾಂಕುಗಳಲ್ಲಿ ಇನ್ನೂ ಕಡಿಮೆ. ಹಣ ಕಳುಹಿಸುವ ಬ್ಯಾಂಕಿನ ಮೊತ್ತದ ಮಿತಿ ಮೀರಿದರೆ Z8 ಬರುತ್ತದೆ. U16 ಬಂದರೆ ಅದು ಅಪಾಯದ ತಪಾಸಣೆಯಲ್ಲಿ ಸಿಕ್ಕಿಕೊಂಡದ್ದು, ಮೊತ್ತ ಕಡಿಮೆ ಮಾಡಿ ಮತ್ತೆ ಮತ್ತೆ ಒತ್ತುವುದರಿಂದ ಅದು ಸರಿಹೋಗುವುದಿಲ್ಲ. ಎಲ್ಲ ಆ್ಯಪ್‌ಗಳೂ ಸಂಕೇತವನ್ನು ತೋರಿಸುವುದಿಲ್ಲ, ತೋರಿಸಿದರೆ ಬರೆದಿಟ್ಟುಕೊಳ್ಳಿ. ಬ್ಯಾಂಕಿನಲ್ಲಿ ಆ ಎರಡು ಅಕ್ಷರ ಹೇಳಿದರೆ ಅರ್ಧ ಗಂಟೆಯ ವಿವರಣೆ ಉಳಿಯುತ್ತದೆ.

ಕೀರ್ತಿಯವರ ಪ್ರಶ್ನೆ ನ್ಯಾಯವಾದದ್ದೇ. ಎರಡು ಕಾರಣಗಳಿವೆ. ಜನ ಮಾತನಾಡುವುದು ಮೊದಲನೆಯದರ ಬಗ್ಗೆ ಮಾತ್ರ. ಯುಪಿಐನಲ್ಲಿ ಹಣ ಕ್ಷಣದಲ್ಲಿ ಹೋಗುತ್ತದೆ, ಹೋದದ್ದನ್ನು ಹಿಂದಕ್ಕೆ ಎಳೆಯುವ ಗುಂಡಿ ಇಲ್ಲ, ಹಿಂದೆಂದೂ ಹಣ ಕಳುಹಿಸದವರಿಗೂ ಕೇವಲ ಫೋನ್ ನಂಬರಿನ ಮೇಲೆ ಕಳುಹಿಸಬಹುದು. ಆರ್‌ಟಿಜಿಎಸ್ ಮಾಡಬೇಕಾದರೆ ಖಾತೆ ಸಂಖ್ಯೆಯನ್ನು ಎರಡು ಬಾರಿ ಬರೆದು, ಸ್ವೀಕರಿಸುವವರನ್ನು ಸೇರಿಸಿ, ಹಲವು ಬ್ಯಾಂಕುಗಳಲ್ಲಿ ಕೆಲವು ಗಂಟೆ ಕಾಯಬೇಕು. ಆ ಕಾಯುವಿಕೆಯೇ ಅಲ್ಲಿಯ ಕಾವಲು. ಕಾಯಿಸದ ದಾರಿಯಲ್ಲಿ ಕಾವಲು ಎಂದರೆ ಮೊತ್ತ ಮಾತ್ರ.

ಎರಡನೆಯದು ಬ್ಯಾಂಕುಗಳ ನಡುವಿನ ಲೆಕ್ಕ. ನೀವು ಕಳುಹಿಸಿದ ಕ್ಷಣವೇ ಓನರ್ ಖಾತೆಗೆ ಹಣ ಬಂದಂತೆ ಕಾಣುತ್ತದೆ, ಆದರೆ ನಿಮ್ಮ ಬ್ಯಾಂಕು ಅವರ ಬ್ಯಾಂಕಿಗೆ ಆ ಹಣವನ್ನು ಆ ಕ್ಷಣದಲ್ಲಿ ಕೊಟ್ಟಿರುವುದಿಲ್ಲ. ದಿನದಲ್ಲಿ ಹಲವು ಬಾರಿ ಎಲ್ಲರ ಕೊಡು ಕೊಳ್ಳುವಿಕೆಯನ್ನು ಒಟ್ಟು ಹಾಕಿ, ವ್ಯತ್ಯಾಸವನ್ನಷ್ಟೇ ರಿಸರ್ವ್ ಬ್ಯಾಂಕಿನಲ್ಲಿ ಇತ್ಯರ್ಥ ಮಾಡುತ್ತಾರೆ. ಅಲ್ಲಿಯವರೆಗೆ ಒಂದು ಬ್ಯಾಂಕು ಇನ್ನೊಂದಕ್ಕೆ ಸಾಲಗಾರ. ಎಷ್ಟರವರೆಗೆ ಸಾಲಗಾರ ಆಗಬಹುದು ಎಂಬುದಕ್ಕೂ ಪ್ರತಿ ಬ್ಯಾಂಕಿಗೆ ಮಿತಿಯಿದೆ. ಆರ್‌ಟಿಜಿಎಸ್‌ನಲ್ಲಿ ಹಾಗಲ್ಲ, ಪ್ರತಿ ವ್ಯವಹಾರವೂ ಒಂದೊಂದಾಗಿ ಅಲ್ಲೇ ಇತ್ಯರ್ಥವಾಗುತ್ತದೆ. ಅದಕ್ಕೇ ದೊಡ್ಡ ಮೊತ್ತಕ್ಕೆ ಆ ದಾರಿ, ಕನಿಷ್ಠವೇ 2 ಲಕ್ಷ. ಸಣ್ಣ ಹಣ ಯುಪಿಐನಲ್ಲಿ, ದೊಡ್ಡದು ಆರ್‌ಟಿಜಿಎಸ್‌ನಲ್ಲಿ ಎಂಬುದು ಗ್ರಾಹಕರನ್ನು ಸತಾಯಿಸಲು ಮಾಡಿದ ವಿಂಗಡಣೆಯಲ್ಲ.

ಶೈಲಜಾ, ಮಲ್ಲೇಶ್ವರ (1:10)

ಆದರೆ ಕಳೆದ ತಿಂಗಳು ನಮ್ಮ ತಂದೆಯವರ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯ ಕೌಂಟರಿನಲ್ಲಿ ಕ್ಯುಆರ್ ಸ್ಕ್ಯಾನ್ ಮಾಡಿ ಒಂದೇ ಬಾರಿಗೆ 1,85,000 ಕಟ್ಟಿದ್ದೇನೆ. ಯಾವ ಮಿತಿಯನ್ನೂ ಏರಿಸಿರಲಿಲ್ಲ. ಹಾಗಾದರೆ ಒಂದು ಲಕ್ಷ ಎಂಬುದು ಎಲ್ಲರಿಗೂ ಅನ್ವಯವಾಗುವುದಿಲ್ಲವೇ?

ನಿವೃತ್ತ ಬ್ಯಾಂಕಿಗ, ಬಸವನಗುಡಿ (1:19)

ಮೇಡಂ, ಅದು ಆಸ್ಪತ್ರೆ ಎಂಬ ವರ್ಗದಲ್ಲಿ ನೋಂದಣಿಯಾದ ಕ್ಯುಆರ್. ಆಸ್ಪತ್ರೆ ಮತ್ತು ಶಿಕ್ಷಣ ಸಂಸ್ಥೆಗಳಿಗೆ 5 ಲಕ್ಷದವರೆಗೆ ಎಂದು 2023ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿತು, 2024ರಲ್ಲಿ ತೆರಿಗೆಗೂ ಅದೇ ಮಿತಿ ಬಂತು. 2025ರ ಸೆಪ್ಟೆಂಬರ್ 15ರಿಂದ ವಿಮೆ, ಷೇರು ಮಾರುಕಟ್ಟೆ, ಸಾಲದ ಕಂತು ಮೊದಲಾದ ಕೆಲವು ವರ್ಗಗಳಿಗೆ ಒಂದು ಬಾರಿಗೆ 5 ಲಕ್ಷ, ದಿನಕ್ಕೆ 10 ಲಕ್ಷ ಆಗಿದೆ. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸುವ ಮಿತಿ ಆ ಬಾರಿಯೂ ಬದಲಾಗಲಿಲ್ಲ. ಮನೆ ಓನರ್ ಅಂಗಡಿಯಲ್ಲ, ಅವರ ಗೋಡೆಯ ಮೇಲೆ ಕ್ಯುಆರ್ ಅಂಟಿಸಿದ್ದರೂ ಅದು ವ್ಯಕ್ತಿಯ ಖಾತೆಯೇ.

ವಿಜಯನಗರದ ಬಾಡಿಗೆದಾರ (1:27)

ಎಲ್ಲರಿಗೂ ಧನ್ಯವಾದ. ಈ ನಡುವೆ ಒಂದು ವಿಷಯ ನಡೆಯಿತು. ಅಂತರ್ಜಾಲದಲ್ಲಿ ಹುಡುಕಿದಾಗ ಗ್ರಾಹಕ ಸೇವೆ ಎಂದು ಒಂದು ಮೊಬೈಲ್ ನಂಬರ್ ಸಿಕ್ಕಿತು. ಕರೆ ಮಾಡಿದೆ. ಬಹಳ ವಿನಯದಿಂದ ಮಾತನಾಡಿದರು. ಮಿತಿ ಹೆಚ್ಚಿಸಲು ನಮ್ಮ ವಿಭಾಗವೇ ಇದೆ ಎಂದು ಹೇಳಿ ಒಂದು ಆ್ಯಪ್ ಹಾಕಿಸಿದರು. ಈಗ ಅದರಲ್ಲಿ ಬರುವ ಒಂಬತ್ತು ಅಂಕಿ ಹೇಳಿ, ಆಮೇಲೆ 4,999 ರೂಪಾಯಿ ಪರಿಶೀಲನೆಗಾಗಿ ಕಳುಹಿಸಿ, ತಕ್ಷಣ ವಾಪಸ್ ಬರುತ್ತದೆ ಎನ್ನುತ್ತಿದ್ದಾರೆ. ಮತ್ತೆ ಕರೆ ಮಾಡುತ್ತೇನೆ ಎಂದು ಇಟ್ಟಿದ್ದೇನೆ. ಇದು ಸರಿಯಾದ ಕ್ರಮವೇ?

ಕೀರ್ತಿ, ಮಾರತ್ತಹಳ್ಳಿ (1:29)

ದಯವಿಟ್ಟು ಆ ಅಂಕಿಗಳನ್ನು ಹೇಳಬೇಡಿ. ಅದು ನಿಮ್ಮ ಪರದೆಯನ್ನು ಅವರು ನೋಡುವ ಆ್ಯಪ್. ನನ್ನ ಸೋದರಮಾವ ಹೀಗೆಯೇ ಎರಡು ಬಾರಿಗೆ ತೊಂಬತ್ತು ಸಾವಿರ ಕಳೆದುಕೊಂಡರು. 4,999 ಕೇಳಿದ್ದನ್ನು ಗಮನಿಸಿ. ನಿಮ್ಮದು ಹೊಸ ಫೋನ್ ಎಂದು ಅವರಿಗೆ ಹೇಳಿದ್ದೀರಲ್ಲವೇ? ಈ 24 ಗಂಟೆಯಲ್ಲಿ ನಿಮ್ಮಿಂದ ಹೊರಡಬಹುದಾದದ್ದು ಅಷ್ಟೇ ಎಂದು ಅವರಿಗೆ ಗೊತ್ತು.

ನಿವೃತ್ತ ಬ್ಯಾಂಕಿಗ, ಬಸವನಗುಡಿ (1:36)

ಕೀರ್ತಿಯವರು ಹೇಳಿದ್ದು ಪೂರ್ತಿ ಸರಿ. ಮೊದಲು ಫೋನಿನ ಇಂಟರ್‌ನೆಟ್ ಆರಿಸಿ, ಆ ಆ್ಯಪ್ ತೆಗೆಯಿರಿ. ಅಂಕಿ ಹೇಳಿಲ್ಲ, ಪಿನ್ ಒತ್ತಿಲ್ಲ ಎಂದಾದರೆ ಹಣಕ್ಕೆ ಅಪಾಯವಾಗಿಲ್ಲ. ಯುಪಿಐ ಪಿನ್ ಅನ್ನು ಗಾಬರಿಯಿಂದ ಈಗಲೇ ಬದಲಿಸಬೇಡಿ, ಕೆಲವು ಬ್ಯಾಂಕುಗಳಲ್ಲಿ ಪಿನ್ ಹೊಸದಾಗಿ ಮಾಡಿದರೂ 24 ಗಂಟೆಯ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಪಿನ್ ಹೇಳಿದ್ದರೆ ಮಾತ್ರ, ಮಿತಿ ಹೋದರೆ ಹೋಗಲಿ ಎಂದು ಕೂಡಲೇ ಬದಲಿಸಬೇಕು. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡುವುದು, cybercrime.gov.in ನಲ್ಲಿ ದೂರು, ಜೊತೆಗೇ ಬ್ಯಾಂಕಿಗೆ ತಿಳಿಸುವುದು. ಈ ಕೊನೆಯದನ್ನು ಜನ ಮರೆಯುತ್ತಾರೆ. 2017ರ ರಿಸರ್ವ್ ಬ್ಯಾಂಕ್ ನಿಯಮದಂತೆ, ಗ್ರಾಹಕರೇ ಪಿನ್ ಹಂಚಿಕೊಂಡಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ, ತಿಳಿಸಿದ ನಂತರದ್ದು ಬ್ಯಾಂಕಿನದು. ಆದ್ದರಿಂದ ತಿಳಿಸಿದ ಸಮಯ ದಾಖಲೆಯಲ್ಲಿರಬೇಕು.

ಈಗ ನಿಮ್ಮ 2,60,000ಕ್ಕೆ ಬರೋಣ. ಬ್ಯಾಂಕಿನ ಮೊಬೈಲ್ ಆ್ಯಪ್ ಕೂಡ ಹೊಸ ಫೋನನ್ನು ಅನುಮಾನದಿಂದಲೇ ನೋಡುತ್ತದೆ. ಆದರೆ ಲ್ಯಾಪ್‌ಟಾಪಿನಲ್ಲಿ ನೆಟ್ ಬ್ಯಾಂಕಿಂಗ್ ಇದ್ದರೆ ಫೋನ್ ಬದಲಾದದ್ದು ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಬ್ಯಾಂಕಿನ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಹೋಗಿ. ಮೊದಲು ಓನರ್ ಖಾತೆಯನ್ನು ಸೇರಿಸಿ, ಏಕೆಂದರೆ ಕಾಯುವ ಅವಧಿ ಅಲ್ಲಿಂದ ಶುರುವಾಗುತ್ತದೆ. ಅದಾದ ಮೇಲೆ ವ್ಯವಹಾರ ಮಿತಿ ಎಂಬಲ್ಲಿ ದಿನದ ಮಿತಿಯನ್ನು ನೋಡಿ, ಬೇಕಾದಷ್ಟಕ್ಕೆ ಏರಿಸಿ. 3 ಲಕ್ಷ ಸಾಕು, ಬಿಟ್ಟಿದ್ದಾರೆಂದು 10 ಲಕ್ಷ ಮಾಡಬೇಡಿ. ಒಟಿಪಿ ಬಂದಾಗ ಸಂದೇಶದಲ್ಲಿ ಮಿತಿ ಬದಲಾವಣೆಗೆ ಎಂದು ಬರೆದಿದೆಯೇ, ಪಾವತಿಗೆ ಎಂದಿದೆಯೇ ಎಂದು ಓದಿ ಆಮೇಲೆ ಹಾಕಿ.

ವಿಜಯನಗರದ ಬಾಡಿಗೆದಾರ (2:48)

ಆ್ಯಪ್ ತೆಗೆದಿದ್ದೇನೆ, ಅಂಕಿ ಹೇಳಿರಲಿಲ್ಲ. ಅವರು ಆರು ಬಾರಿ ಕರೆ ಮಾಡಿದರು, ಕೊನೆಯ ಬಾರಿ ವಿನಯ ಇರಲಿಲ್ಲ.

ನೆಟ್ ಬ್ಯಾಂಕಿಂಗ್‌ನಲ್ಲಿ ದಿನದ ಮಿತಿ 1,00,000 ಇತ್ತು, ಖಾತೆ ತೆರೆದಾಗ ನಾನೇ ಹಾಗೆ ಇಟ್ಟಿರಬೇಕು. 3,00,000 ಮಾಡಿದೆ. ಓನರ್ ಖಾತೆಯನ್ನು 2:05ಕ್ಕೆ ಸೇರಿಸಿದೆ. ಮೊದಲ 24 ಗಂಟೆ ಅವರಿಗೆ 50,000 ಮಾತ್ರ ಕಳುಹಿಸಬಹುದು ಎಂದು ನಮ್ಮ ಬ್ಯಾಂಕು ಹೇಳುತ್ತಿದೆ. ಅಂದರೆ ನಾಳೆ ಮಧ್ಯಾಹ್ನ 2:05ರ ನಂತರ ಆರ್‌ಟಿಜಿಎಸ್. ಸಂಜೆಯೊಳಗೆ ಎಂದರೆ ಸಮಯ ಸಾಕು.

ಆದರೆ ಹೊಸ ಗೊಂದಲ. ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಹಾಕಿದಾಗ ಖಾತೆದಾರರ ಹೆಸರು ತೋರಿಸುವ ಸೌಲಭ್ಯ ಇತ್ತು. ಅಲ್ಲಿ ಬಂದದ್ದು ಓನರ್ ಹೆಸರಲ್ಲ, ಯಾರೋ ಮಹಿಳೆಯ ಹೆಸರು.

ನಿವೃತ್ತ ಬ್ಯಾಂಕಿಗ, ಬಸವನಗುಡಿ (3:02)

ನಿಲ್ಲಿ. ಆರ್‌ಟಿಜಿಎಸ್ ಮತ್ತು ನೆಫ್ಟ್‌ನಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಮೇಲೆ ಮಾತ್ರ, ನೀವು ಬರೆದ ಹೆಸರನ್ನು ಯಾರೂ ಹೋಲಿಸಿ ನೋಡುವುದಿಲ್ಲ. ಅದಕ್ಕೇ 2025ರ ಏಪ್ರಿಲ್ ಹೊತ್ತಿಗೆ ಈ ಹೆಸರು ತೋರಿಸುವ ವ್ಯವಸ್ಥೆಯನ್ನು ಎಲ್ಲ ಬ್ಯಾಂಕುಗಳೂ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತು. ಒಂದು ಅಂಕಿ ತಪ್ಪಿರಬಹುದು, ಜಂಟಿ ಖಾತೆಯೂ ಇರಬಹುದು. ಓನರ್‌ಗೆ ಫೋನ್ ಮಾಡಿ, ಸಂಖ್ಯೆಯನ್ನು ಅವರ ಬಾಯಿಂದ ಓದಿಸಿ. ಸಂದೇಶದಲ್ಲಿ ಬಂದದ್ದನ್ನೇ ಮತ್ತೆ ಸಂದೇಶದಲ್ಲಿ ಕೇಳಿದರೆ ಪ್ರಯೋಜನವಿಲ್ಲ.

ವಿಜಯನಗರದ ಬಾಡಿಗೆದಾರ (ಸೋಮವಾರ, ಸಂಜೆ 4:35)

ಅದು ಓನರ್ ಪತ್ನಿಯವರ ಹೆಸರು. ಜಂಟಿ ಖಾತೆಯಲ್ಲಿ ಅವರದು ಮೊದಲ ಹೆಸರಂತೆ. ಸಂಖ್ಯೆಯನ್ನು ಓದಿಸಿ ಖಚಿತಪಡಿಸಿಕೊಂಡೆ. ನಿನ್ನೆಯೇ ನೆಫ್ಟ್‌ನಲ್ಲಿ 10 ರೂಪಾಯಿ ಕಳುಹಿಸಿದ್ದೆ, ಅರ್ಧ ಗಂಟೆಯೊಳಗೆ ಅವರಿಗೆ ತಲುಪಿತು. ಇಂದು 2:20ಕ್ಕೆ 2,60,000 ಆರ್‌ಟಿಜಿಎಸ್ ಮಾಡಿದೆ, ಕೆಲವೇ ನಿಮಿಷಗಳಲ್ಲಿ ಬಂತೆಂದು ಅವರು ಹೇಳಿದರು. ಕರಾರಿನಲ್ಲಿ ಇಬ್ಬರ ಹೆಸರೂ, ವ್ಯವಹಾರದ ಯುಟಿಆರ್ ಸಂಖ್ಯೆಯೂ ಬರುವಂತೆ ಬರೆಸಿದ್ದೇನೆ. ಮಿತಿಯನ್ನು ಮತ್ತೆ 50,000ಕ್ಕೆ ಇಳಿಸಿದೆ. ಇಳಿಸಲು ಕಾಯಿಸಲಿಲ್ಲ, ತಕ್ಷಣವೇ ಆಯಿತು.

ಶೈಲಜಾ, ಮಲ್ಲೇಶ್ವರ (5:02)

ಇಳಿಸಿದ್ದು ಒಳ್ಳೆಯದು. ತಂದೆಯವರ ಖಾತೆಯಲ್ಲಿ ಯುಪಿಐ ಮಿತಿಯನ್ನು ಬ್ಯಾಂಕಿನ ಆ್ಯಪ್‌ನಿಂದ 10,000ಕ್ಕೆ ಇಳಿಸಿಬಿಡೋಣ ಎಂದುಕೊಂಡಿದ್ದೇನೆ. ಆಸ್ಪತ್ರೆಯಂಥ ತುರ್ತು ಬಂದರೆ ಅವರೊಬ್ಬರೇ ಇದ್ದಾಗ ಏನು ಮಾಡುವುದು ಎಂಬುದೇ ಯೋಚನೆ.

ನಿವೃತ್ತ ಬ್ಯಾಂಕಿಗ, ಬಸವನಗುಡಿ (5:20)

ತುರ್ತಿಗೆ ಅವರ ಡೆಬಿಟ್ ಕಾರ್ಡ್ ಇರಲಿ, ಅದರ ಮಿತಿ ಬೇರೆ. ಆದರೂ 10,000 ಸಾಕೇ ಎಂಬುದರಲ್ಲಿ ನನಗೂ ನಿಮ್ಮಷ್ಟೇ ಅನುಮಾನ. ಎಷ್ಟು ಇಟ್ಟರೆ ಅವರಿಗೆ ಅಡ್ಡಿಯಾಗದು ಎಂಬುದನ್ನು ಕಳೆದ ಆರು ತಿಂಗಳ ಪಾಸ್‌ಬುಕ್ ನೋಡಿ ಅವರೊಡನೆಯೇ ಕೂತು ತೀರ್ಮಾನಿಸಿ.

ಯಶವಂತಪುರದ ಅಂಗಡಿಯವನು (5:41)

ನನ್ನ ಇಪ್ಪತ್ತರ ಎಣಿಕೆ ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆಯೋ, ಮೊದಲ ಪಾವತಿಯಿಂದ 24 ಗಂಟೆಯೋ? ನಿನ್ನೆ ಹನ್ನೊಂದಕ್ಕೆ ನಿಂತದ್ದು ಇಂದು ಬೆಳಿಗ್ಗೆ ಎಂಟಕ್ಕೂ ಶುರುವಾಗಿರಲಿಲ್ಲ.

ಕೀರ್ತಿ, ಮಾರತ್ತಹಳ್ಳಿ (5:50)

ನನ್ನ ಸಂಬಳದ ಖಾತೆಯಲ್ಲಿ ಮಧ್ಯರಾತ್ರಿಗೇ ಹೊಸದಾಗುತ್ತದೆ, ಊರಿನ ಬ್ಯಾಂಕಿನಲ್ಲಿ ಹಾಗಾಗುವುದಿಲ್ಲ. ನಿಮ್ಮ ಹಮಾಲರ ಕೂಲಿಯನ್ನು ಒಬ್ಬ ಮೇಸ್ತ್ರಿಗೆ ಒಟ್ಟಿಗೆ ಕಳುಹಿಸಿದರೆ ಆಗದೇ?

ಯಶವಂತಪುರದ ಅಂಗಡಿಯವನು (6:04)

ಮೇಸ್ತ್ರಿಯ ಕೈಗೆ ಕೊಟ್ಟರೆ ಹಮಾಲರ ಕೈಗೆ ಪೂರ್ತಿ ಬರುವುದಿಲ್ಲ, ಅದಕ್ಕೇ ಒಬ್ಬೊಬ್ಬರಿಗೆ ಕಳುಹಿಸಲು ಶುರು ಮಾಡಿದ್ದು. ನಾಳೆ ಶಾಖೆಗೆ ಹೋಗಿ Z7 ಎಂದು ಹೇಳಿ, ಚಾಲ್ತಿ ಖಾತೆಗೆ ಎಷ್ಟು ಎಣಿಕೆ ಕೊಡುತ್ತಾರೆಂದು ಕೇಳಿ ಬರುತ್ತೇನೆ.